ಹೈರಿಂಗ್ ಫ್ರೀಜ್ ಅಂತ ಆಫರ್ ವಾಪಸ್ ತಗೊಂಡರು, ರಿಕ್ರೂಟರ್‌ಗೆ ಏನಂತ ಬರೆಯಲಿ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಹತ್ತು ವರ್ಷ ರಿಕ್ರೂಟರ್ ಆಗಿದ್ದೆ. "ಫ್ರೀಜ್ ಬಂದಿದೆ, ನಿಮ್ಮ ಆಫರ್ ಮುಂದುವರಿಸೋಕೆ ಆಗ್ತಿಲ್ಲ" ಅಂತ ಹೇಳುವ ಫೋನನ್ನು ನಾನೇ ಎಷ್ಟೋ ಸಲ ಮಾಡಿದ್ದೇನೆ. ಆಮೇಲೆ ಬರುತ್ತಿದ್ದ ಉತ್ತರಗಳಲ್ಲಿ ಹೆಚ್ಚಿನವು ಎರಡೇ ಬಗೆ. ಒಂದು, ಕೋಪದ ಉದ್ದನೆಯ ಮೇಲ್. ಇನ್ನೊಂದು, "ಸರಿ, ಥ್ಯಾಂಕ್ಸ್" ಅನ್ನುವ ಒಂದೇ ಸಾಲು. ಎರಡನ್ನೂ ಹಿಡಿದುಕೊಂಡು ಮೇಲಿನವರ ಹತ್ತಿರ ಹೋಗಿ ಏನನ್ನೂ ಕೇಳಲು ನನಗೆ ಆಗುತ್ತಿರಲಿಲ್ಲ. ಅಪರೂಪಕ್ಕೊಬ್ಬರು ಇಂಥದ್ದು ಬೇಕು ಅಂತ ಸ್ಪಷ್ಟವಾಗಿ ಬರೆಯುತ್ತಿದ್ದರು. ಅವರಿಗೆ ಏನಾದರೂ ಕೊಡಿಸಲು ಸಾಧ್ಯವಾಗಿದೆ.

ಕಳೆದ ವರ್ಷ ನನ್ನ ಚಿಕ್ಕಮ್ಮನ ಮಗಳಿಗೂ ಹೀಗೇ ಆಯಿತು. ಅವಳು ಮೈಸೂರಿನಲ್ಲಿ ಆರು ವರ್ಷದಿಂದ ಟೆಸ್ಟಿಂಗ್ ಕೆಲಸದಲ್ಲಿದ್ದಳು. ಬೆಂಗಳೂರಿನ ಒಂದು ಕಂಪನಿಯ ಆಫರ್‌ಗೆ ಸಹಿ ಹಾಕಿ ಪೇಪರ್ ಹಾಕಿದ್ದಳು. ಸೋಮವಾರ ಸೇರಬೇಕಿತ್ತು. ಅದಕ್ಕೆ ಹನ್ನೊಂದು ದಿನ ಮೊದಲು, ಗುರುವಾರ ಮಧ್ಯಾಹ್ನ, ಫೋನ್ ಬಂತು. ಅವಳ ಜೊತೆ ಕೂತು ಆ ಮೇಲ್‌ಗಳನ್ನು ಬರೆದ ಮೇಲೆ ತುಂಬಾ ಜನ ಇದನ್ನೇ ಕೇಳತೊಡಗಿದರು. ಆ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಫೋನ್‌ನಲ್ಲಿ ಹೇಳಿದರು. ತಕ್ಷಣ ಏನು ಬರೆಯಲಿ?

ಎರಡೇ ಸಾಲು ಬರೆಯಿರಿ. ಅದೇ ದಿನ, ಆಫೀಸ್ ಮುಗಿಯುವ ಮೊದಲು ಕಳಿಸಿ. ಉದ್ದದ ಉತ್ತರ ನಾಳೆಗಿರಲಿ. ಈ ಮೊದಲ ಮೇಲ್‌ನ ಕೆಲಸ ಒಂದೇ, ಬಾಯಿಮಾತಲ್ಲಿ ಹೇಳಿದ್ದನ್ನು ಬರಹಕ್ಕೆ ತರುವುದು. ನಿಮ್ಮ ಕೈಯಲ್ಲಿ ಸಹಿ ಆದ ಆಫರ್ ಲೆಟರ್ ಇದೆ. ಅದು ರದ್ದಾಗಿದೆ ಅನ್ನುವುದಕ್ಕೆ ಸದ್ಯಕ್ಕೆ ಯಾವ ಕಾಗದವೂ ಇಲ್ಲ. ಮುಂದೆ ಈಗಿನ ಮ್ಯಾನೇಜರ್ ಜೊತೆ ಮಾತಾಡುವಾಗ, ಬೇರೆ ಕಂಪನಿಗೆ ವಿವರಿಸುವಾಗ, ಖರ್ಚು ಕೇಳುವಾಗ, ಎಲ್ಲದಕ್ಕೂ ಆ ಕಾಗದ ಬೇಕು.

ನನ್ನ ತಂಗಿ ಕಳಿಸಿದ್ದು ಇಷ್ಟು. ಮೇಲ್ ಹೋಗಿದ್ದು ಇಂಗ್ಲಿಷಿನಲ್ಲೇ, ವಿಷಯ ಹೀಗಿತ್ತು:

"ನಮಸ್ಕಾರ. ಇವತ್ತು ಮಧ್ಯಾಹ್ನ ಫೋನ್‌ನಲ್ಲಿ ನೀವು ಹೇಳಿದ ಪ್ರಕಾರ, ಹೈರಿಂಗ್ ಫ್ರೀಜ್ ಕಾರಣದಿಂದ ನನ್ನ ಆಫರ್ ವಾಪಸ್ ಪಡೆಯಲಾಗಿದೆ. ನಾನು ಈಗಾಗಲೇ ರಾಜೀನಾಮೆ ಕೊಟ್ಟಿರುವುದರಿಂದ ಇದನ್ನು ನಾಳೆಯೊಳಗೆ ಬರಹದಲ್ಲಿ, ಕಾರಣದ ಸಮೇತ ಕಳಿಸಿಕೊಡಿ."

ಇದನ್ನು ನಿಮ್ಮ ಸ್ವಂತ ಮೇಲ್ ಐಡಿಯಿಂದ ಕಳಿಸಿ. ಆಫರ್ ಬಂದಿತ್ತಲ್ಲ, ಆ ಮೇಲ್‌ಗೇ ರಿಪ್ಲೈ ಮಾಡಿ. ಹಾಗೆ ಮಾಡಿದರೆ ಆಫರ್, ನಿಮ್ಮ ಒಪ್ಪಿಗೆ, ಈಗಿನ ಮಾತು ಎಲ್ಲವೂ ಒಂದೇ ಎಳೆಯಲ್ಲಿ ಉಳಿಯುತ್ತವೆ. ವಾಟ್ಸಾಪ್‌ನಲ್ಲಿ ಮಾತು ಬೆಳೆಸಬೇಡಿ. ಅವರು ಅಲ್ಲೇ ಹೇಳಿದ್ದರೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಮೇಲ್‌ಗೆ ಬನ್ನಿ.

ಕಾರಣ ಬರೆಯಿರಿ ಅಂತ ಯಾಕೆ ಕೇಳಬೇಕು? ಕಾರಣ ಗೊತ್ತೇ ಇದೆಯಲ್ಲ?

ನಿಮಗೆ ಗೊತ್ತು. ಮುಂದಿನ ಕಂಪನಿಗೆ ಗೊತ್ತಿಲ್ಲ. ಆಫರ್ ರದ್ದಾಗಿದೆ ಅಂದ ಕೂಡಲೇ ಬೇರೆ ರಿಕ್ರೂಟರ್‌ಗಳ ತಲೆಗೆ ಮೊದಲು ಬರುವುದು ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್. ದಾಖಲೆಯಲ್ಲಿ ಏನೋ ತಪ್ಪು ಸಿಕ್ಕಿರಬೇಕು ಅಂದುಕೊಳ್ಳುತ್ತಾರೆ. "ಕಂಪನಿಯ ನೇಮಕಾತಿ ನಿಂತಿರುವ ಕಾರಣಕ್ಕೆ, ಅಭ್ಯರ್ಥಿಯ ಅರ್ಹತೆಗೂ ವೆರಿಫಿಕೇಶನ್‌ಗೂ ಸಂಬಂಧವಿಲ್ಲ" ಅನ್ನುವ ಒಂದು ಸಾಲು ಆ ಅನುಮಾನವನ್ನು ಕಳೆಯುತ್ತದೆ. ರಿಕ್ರೂಟರ್‌ಗೆ ಇದನ್ನು ಕೊಡುವುದು ಕಷ್ಟವಲ್ಲ, ಕಂಪನಿಗೆ ಇದರಿಂದ ಖರ್ಚೂ ಇಲ್ಲ. ಕೇಳದೆ ಇದ್ದರೆ ಮಾತ್ರ ಬರುವುದಿಲ್ಲ. ಅವರ ಸಿದ್ಧ ಪತ್ರದಲ್ಲಿ "ವ್ಯವಹಾರದ ಕಾರಣಗಳಿಂದ" ಅಂತ ಇಷ್ಟೇ ಇರುತ್ತದೆ.

ಉದ್ದದ ಉತ್ತರ ಬರೆಯುವ ಮೊದಲು ಮಾಡಬೇಕಾದ್ದು ಏನಾದರೂ ಇದೆಯಾ?

ಇದೆ, ಮತ್ತು ಇದೇ ಎಲ್ಲಕ್ಕಿಂತ ದೊಡ್ಡದು. ನೀವಿನ್ನೂ ನೋಟಿಸ್ ಪೀರಿಯಡ್‌ನಲ್ಲಿದ್ದರೆ ಮೊದಲು ಈಗಿನ ಮ್ಯಾನೇಜರ್ ಹತ್ತಿರ ಹೋಗಿ. ಹೊಸ ಕಂಪನಿಗೆ ಏನು ಬರೆಯಬೇಕು ಅನ್ನುವುದು ಇಲ್ಲಿ ಸಿಗುವ ಉತ್ತರದ ಮೇಲೆ ನಿಂತಿದೆ. ರಾಜೀನಾಮೆ ವಾಪಸ್ ಆದರೆ ನಿಮ್ಮ ನಷ್ಟ ಚಿಕ್ಕದು. ಆಗದಿದ್ದರೆ ಎಷ್ಟು ನಷ್ಟ ಅಂತ ಲೆಕ್ಕ ಹಾಕಿ ಬರೆಯಬೇಕು.

ತಂಗಿಯ ವಿಷಯ ಹೇಳುತ್ತೇನೆ. ಅವಳ ನೋಟಿಸ್ 90 ದಿನ. ಹೊಸ ಕಂಪನಿಗೆ 60 ದಿನದಲ್ಲೇ ಬೇಕು ಅಂತ ಉಳಿದ 30 ದಿನಕ್ಕೆ ಬೈಔಟ್ ಮಾಡಿಸಿಕೊಂಡಿದ್ದಳು. ಅಂದರೆ ಆ 30 ದಿನದ ಮೂಲ ವೇತನವನ್ನು ಹಳೆಯ ಕಂಪನಿ ಕೊನೆಯ ಲೆಕ್ಕದಲ್ಲಿ ಮುರಿದುಕೊಳ್ಳುತ್ತಿತ್ತು. ಅದು 38,000 ರೂಪಾಯಿ. ಹೊಸ ಕಂಪನಿ ಅದನ್ನು ಮೊದಲ ಸಂಬಳದ ಜೊತೆ ಕೊಡುತ್ತೇವೆ ಅಂದಿತ್ತು. ಫೋನ್ ಬಂದಾಗ ಅವಳ ಕೊನೆಯ ದಿನಕ್ಕೆ ಇನ್ನೂ ಆರು ಕೆಲಸದ ದಿನ ಬಾಕಿ ಇತ್ತು.

ಶುಕ್ರವಾರ ಬೆಳಿಗ್ಗೆ ಮ್ಯಾನೇಜರ್ ಹತ್ತಿರ ಹೋದಳು. ಅವಳ ಜಾಗಕ್ಕೆ ಬೇರೆಯವರು ಆಗಲೇ ಬಂದಿದ್ದರು. ರಾಜೀನಾಮೆ ವಾಪಸ್ ಆಗಲ್ಲ ಅಂದರು. ಅಲ್ಲಿಗೆ ಮುಗಿಯಿತು ಅಂತ ಎದ್ದು ಬರುವವಳಿದ್ದಳು. "ಬೈಔಟ್ ಆದರೂ ರದ್ದು ಮಾಡಿ, ನನ್ನ 90 ದಿನ ಪೂರ್ತಿ ಕೆಲಸ ಮಾಡುತ್ತೇನೆ ಅಂತ ಕೇಳು" ಅಂತ ನಾನು ಹಿಂದಿನ ರಾತ್ರಿ ಹೇಳಿದ್ದೆ. ಕೇಳಿದಳು. ಒಪ್ಪಿದರು. ಹೊಸಬರಿಗೆ ಕೆಲಸ ಕಲಿಸಲು ಒಬ್ಬರು ಜಾಸ್ತಿ ದಿನ ಸಿಕ್ಕಿದರೆ ಯಾರಿಗೆ ಬೇಡ? ಮೂವತ್ತು ದಿನದ ಸಂಬಳ ಬಂತು, 38,000 ಉಳಿಯಿತು, ಕೆಲಸ ಹುಡುಕುವಾಗ ಕೈಯಲ್ಲಿ ಕೆಲಸ ಇದೆ ಅನ್ನುವ ಧೈರ್ಯವೂ ಇತ್ತು. ರಾಜೀನಾಮೆ ವಾಪಸ್ ಕೇಳುವುದು ಎಲ್ಲರಿಗೂ ಹೊಳೆಯುತ್ತದೆ. ಬೈಔಟ್ ರದ್ದು ಮಾಡಿಸುವುದು ಹೊಳೆಯುವುದು ಕಡಿಮೆ.

ಫ್ರೀಜ್ ಅಂದರೆ ಒಳಗೆ ಏನಾಗಿರುತ್ತೆ? ರಿಕ್ರೂಟರ್ ಕೈಯಲ್ಲಿ ಏನಿದೆ?

ಪ್ರತಿ ಹುದ್ದೆಗೂ ಕಂಪನಿಯ ಸಿಸ್ಟಂನಲ್ಲಿ ಒಂದು ರಿಕ್ವಿಸಿಶನ್ ಇರುತ್ತದೆ, ಅದಕ್ಕೊಂದು ನಂಬರ್ ಇರುತ್ತದೆ. ಅದರ ಹಿಂದೆ ಫೈನಾನ್ಸ್‌ನವರು ಒಪ್ಪಿದ ದುಡ್ಡು ಇರುತ್ತದೆ. ಫ್ರೀಜ್ ಬಂದಾಗ ಫೈನಾನ್ಸ್ ಆ ದುಡ್ಡಿಗೆ ಬೀಗ ಹಾಕುತ್ತದೆ. ಸಹಿ ಆಗಿದೆ, ಇನ್ನೂ ಸೇರಿಲ್ಲ, ಅಂಥವರನ್ನು ಕೈಬಿಡುವುದು ಕಂಪನಿಗೆ ತುಂಬಾ ಸುಲಭ. ಒಳಗಿರುವವರನ್ನು ತೆಗೆದರೆ ನೋಟಿಸ್ ಸಂಬಳ ಕೊಡಬೇಕು, ಸುದ್ದಿಯಾಗುತ್ತದೆ. ಅದಕ್ಕೇ ಮೊದಲು ಈ ಪಟ್ಟಿ ತೆಗೆಯುತ್ತಾರೆ.

ರಿಕ್ರೂಟರ್ ಈ ತೀರ್ಮಾನದಲ್ಲಿ ಇರುವುದೇ ಇಲ್ಲ. ನನಗೆ ಬರುತ್ತಿದ್ದುದು ಒಂದು ಎಕ್ಸೆಲ್ ಶೀಟ್ ಮತ್ತು "ಇವತ್ತು ಸಂಜೆಯೊಳಗೆ ಎಲ್ಲರಿಗೂ ಹೇಳಿ" ಅನ್ನುವ ಮೇಲ್. ಹಾಗಾಗಿ "ದಯವಿಟ್ಟು ಮತ್ತೊಮ್ಮೆ ಯೋಚಿಸಿ" ಅಂತ ರಿಕ್ರೂಟರ್‌ಗೆ ಬರೆದರೆ ಏನೂ ಆಗುವುದಿಲ್ಲ. ಯೋಚಿಸುವ ಅಧಿಕಾರ ಅವರಿಗಿಲ್ಲ.

ಆದರೆ ಅವರಿಗೆ ಗೊತ್ತಿರುವ ಒಂದು ವಿಷಯ ನಿಮಗೆ ಬೇಕು. ನಿಮ್ಮ ರಿಕ್ವಿಸಿಶನ್ ರದ್ದಾಗಿದೆಯಾ, ಸುಮ್ನೆ ತಡೆಹಿಡಿದಿದ್ದಾರಾ? ತಡೆಹಿಡಿದಿದ್ದರೆ ಫ್ರೀಜ್ ತೆಗೆದ ದಿನ ಅದೇ ಹುದ್ದೆ ತೆರೆಯಬಹುದು. ರದ್ದಾಗಿದ್ದರೆ ಹೊಸದಾಗಿ ಮಂಜೂರಾತಿ ಬೇಕು, ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ಹಾಗೆಯೇ ಬಿಟ್ಟು ಹೋದವರ ಜಾಗಕ್ಕೆ ತುಂಬುವ ಹುದ್ದೆಗೆ, ಕ್ಲೈಂಟ್ ದುಡ್ಡು ಕೊಡುವ ಪ್ರಾಜೆಕ್ಟ್‌ನ ಹುದ್ದೆಗೆ ಕೆಲವೊಮ್ಮೆ ವಿನಾಯಿತಿ ಸಿಗುತ್ತದೆ. ಅದನ್ನು ಕೇಳಬೇಕಾದವರು ಹೈರಿಂಗ್ ಮ್ಯಾನೇಜರ್. ನಿಮ್ಮನ್ನು ಇಂಟರ್‌ವ್ಯೂ ಮಾಡಿ ಬೇಕು ಅಂದವರು ಅವರೇ ಅಲ್ವಾ? ರಿಕ್ರೂಟರ್‌ಗೆ ಬರೆಯುವ ಮೇಲ್‌ನಲ್ಲಿ ಅವರ ಹೆಸರನ್ನೂ ಸಿಸಿಯಲ್ಲಿ ಹಾಕಿ. ಎಷ್ಟೋ ಸಲ ಅವರಿಗೆ ಸುದ್ದಿ ಗೊತ್ತಾಗುವುದೇ ನಿಮ್ಮ ಮೇಲ್‌ನಿಂದ.

ಸರಿ, ಹಾಗಾದರೆ ಉದ್ದದ ಉತ್ತರದಲ್ಲಿ ಏನೇನು ಇರಲಿ?

ನಾನು ಮೂರು ಬೇಡಿಕೆಗಿಂತ ಜಾಸ್ತಿ ಹಾಕಲು ಬಿಡುವುದಿಲ್ಲ. ಕಾರಣ ಬರೆದ ಪತ್ರ, ಆಫರ್ ನಂಬಿ ಆದ ಖರ್ಚು, ಮತ್ತು ಮುಂದೆ ಹುದ್ದೆ ತೆರೆದರೆ ಇಂಟರ್‌ವ್ಯೂ ಫಲಿತಾಂಶ ಉಳಿಯುತ್ತದಾ ಅನ್ನುವ ಪ್ರಶ್ನೆ. ಹತ್ತು ಕೇಳಿದರೆ ರಿಕ್ರೂಟರ್ ಆ ಮೇಲನ್ನು ಆಮೇಲೆ ನೋಡೋಣ ಅಂತ ಬದಿಗಿಡುತ್ತಾರೆ. ಮೂರು ಕೇಳಿದರೆ ಹಾಗೇ ಮೇಲಿನವರಿಗೆ ಫಾರ್ವರ್ಡ್ ಮಾಡುತ್ತಾರೆ. ನೀವು ಬರೆಯುತ್ತಿರುವುದು ಫಾರ್ವರ್ಡ್ ಆಗುವುದಕ್ಕೆ. ನಿಮ್ಮನ್ನು ನೋಡೇ ಇಲ್ಲದ ಫೈನಾನ್ಸ್‌ನವರು ಓದಿದರೂ ಒಂದೇ ಸಲಕ್ಕೆ ಅರ್ಥವಾಗಬೇಕು.

ತಂಗಿ ಶುಕ್ರವಾರ ಸಂಜೆ ಬರೆದ ಮೇಲ್ ಹೀಗಿತ್ತು:

"ನಮಸ್ಕಾರ. ನಿನ್ನೆ ನೀವೇ ಫೋನ್ ಮಾಡಿ ವಿಷಯ ತಿಳಿಸಿದ್ದಕ್ಕೆ ಥ್ಯಾಂಕ್ಸ್. ಈ ತೀರ್ಮಾನ ನಿಮ್ಮದಲ್ಲ ಅಂತ ನನಗೆ ಗೊತ್ತು. ಆದರೂ ಸೇರುವ ದಿನಕ್ಕೆ ಹನ್ನೊಂದು ದಿನ ಇರುವಾಗ ಇದು ಬಂದಿದ್ದರಿಂದ ನನಗೆ ಕಷ್ಟವಾಗಿದೆ.

ನಿಮ್ಮ ಆಫರ್ ಒಪ್ಪಿದ ಮೇಲೆ ನಾನು ರಾಜೀನಾಮೆ ಕೊಟ್ಟೆ. ನನ್ನ ಜಾಗಕ್ಕೆ ಬೇರೆಯವರು ಬಂದಿರುವುದರಿಂದ ಅದನ್ನು ವಾಪಸ್ ಪಡೆಯಲು ಆಗಿಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಮನೆಗೆ 25,000 ರೂಪಾಯಿ ಟೋಕನ್ ಕೊಟ್ಟಿದ್ದೆ, ಮಾಲೀಕರು ಅದನ್ನು ವಾಪಸ್ ಕೊಡುವುದಿಲ್ಲ ಅಂದಿದ್ದಾರೆ.

ನನ್ನ ಕೋರಿಕೆ ಮೂರು. ಆಫರ್ ವಾಪಸ್ ಪಡೆದ ಪತ್ರದಲ್ಲಿ ಕಾರಣ ಹೈರಿಂಗ್ ಫ್ರೀಜ್ ಅಂತಲೂ, ನನ್ನ ಅರ್ಹತೆಗಾಗಲಿ ವೆರಿಫಿಕೇಶನ್‌ಗಾಗಲಿ ಸಂಬಂಧವಿಲ್ಲ ಅಂತಲೂ ಬರೆದುಕೊಡಿ. 25,000 ರೂಪಾಯಿ ಖರ್ಚನ್ನು ಕಂಪನಿ ಭರಿಸಬೇಕು ಅಂತ ಕೇಳಿಕೊಳ್ಳುತ್ತೇನೆ, ವರ್ಗಾವಣೆಯ ರಸೀದಿ ಮತ್ತು ಮಾಲೀಕರ ಮೆಸೇಜ್ ಲಗತ್ತಿಸಿದ್ದೇನೆ. ಈ ಹುದ್ದೆ ರದ್ದಾಗಿದೆಯಾ, ತಡೆಹಿಡಿಯಲಾಗಿದೆಯಾ ತಿಳಿಸಿ. ಮತ್ತೆ ತೆರೆದರೆ ನನ್ನ ಇಂಟರ್‌ವ್ಯೂ ಫಲಿತಾಂಶವನ್ನು ಪರಿಗಣಿಸುತ್ತೀರಾ ಅಂತಲೂ ತಿಳಿಸಿ.

ಬುಧವಾರದೊಳಗೆ ಉತ್ತರಿಸಿದರೆ ಅನುಕೂಲ. ನನ್ನ ಸ್ವಂತ ಮೇಲ್ ಮತ್ತು ನಂಬರ್ ಕೆಳಗಿದೆ."

"ಕಷ್ಟವಾಗಿದೆ" ಅಂತ ಒಂದೇ ಸಲ ಇದೆ, ಆಮೇಲೆ ಪೂರ್ತಿ ವಿಷಯ. ಮೊದಲ ಕರಡಿನಲ್ಲಿ ಅವಳು ಅಮ್ಮನ ಔಷಧಿ ಖರ್ಚು, ಮನೆ ಸಾಲದ ಕಂತು ಎಲ್ಲ ಬರೆದಿದ್ದಳು. ಅದನ್ನು ತೆಗೆಯಲು ಹೇಳುವಾಗ ನನಗೂ ಹೊಟ್ಟೆ ಹಿಂಡಿದಂತಾಯಿತು. ಆದರೆ ಆಫರ್ ಇಲ್ಲದಿದ್ದರೂ ಇರುತ್ತಿದ್ದ ಖರ್ಚನ್ನು ಕಂಪನಿ ಕೊಡುವುದಿಲ್ಲ. ಅದು ಮೇಲ್‌ನಲ್ಲಿ ಇದ್ದರೆ ಆಫರ್‌ನಿಂದಾಗಿಯೇ ಆದ 25,000 ಮಸುಕಾಗುತ್ತದೆ.

ದುಡ್ಡು ಕೇಳಿದರೆ ಕೆಟ್ಟದಾಗಿ ಕಾಣಲ್ವಾ?

ಇಲ್ಲ. ಇದು ಯಾರೂ ಕೇಳದ ವಿಷಯವೇನಲ್ಲ. 2022ರ ಜೂನ್‌ನಲ್ಲಿ ಅಮೆರಿಕದ ಕ್ರಿಪ್ಟೋ ಕಂಪನಿ ಕಾಯಿನ್‌ಬೇಸ್ ಫ್ರೀಜ್ ಮುಂದುವರಿಸಿ, ಒಪ್ಪಿಕೊಂಡಿದ್ದ ಆಫರ್‌ಗಳನ್ನೇ ವಾಪಸ್ ಪಡೆಯಿತು. ಇನ್ನೂ ಸೇರದೇ ಇದ್ದ ಆ ಜನರಿಗೂ ಪರಿಹಾರ ಕೊಡುವುದಾಗಿ ಆಗ ಬಹಿರಂಗವಾಗಿ ಹೇಳಿತ್ತು. ನಮ್ಮಲ್ಲಿ ಕಂಪನಿಗಳು ತಾವಾಗಿ ಹೀಗೆ ಹೇಳುವುದನ್ನು ನಾನು ನೋಡಿದ್ದು ಕಡಿಮೆ. ಕೇಳಿದವರಿಗೆ ಕೊಟ್ಟಿದ್ದನ್ನು ನೋಡಿದ್ದೇನೆ.

ಏನು ಕೇಳಬಹುದು? ಆಫರ್ ನಂಬಿ ಕೈಬಿಟ್ಟು ಹೋದ ದುಡ್ಡು, ರಸೀದಿ ಇರುವಂಥದ್ದು. ಈಗಾಗಲೇ ಹಳೆಯ ಕಂಪನಿಯಿಂದ ಹೊರಬಂದಿದ್ದರೆ ಬೈಔಟ್ ಮೊತ್ತವೇ ನಿಮ್ಮ ಗಟ್ಟಿಯಾದ ಬೇಡಿಕೆ. ಅದನ್ನು ಕೊಡುತ್ತೇವೆ ಅಂತ ಅವರೇ ಬರೆದಿರುತ್ತಾರೆ, ಸೇರಿದ ಮೇಲೆ ಅನ್ನುವ ಷರತ್ತು ಮಾತ್ರ ಇರುತ್ತದೆ. ಸೇರದಂತೆ ಮಾಡಿದವರು ಅವರೇ ಅನ್ನುವುದನ್ನು ಶಾಂತವಾಗಿ ಬರೆಯಿರಿ. ಮನೆಯ ಟೋಕನ್, ಸಾಮಾನು ಸಾಗಿಸಿದ ಬಿಲ್, ಅವರು ಹೇಳಿ ಮಾಡಿಸಿದ ಮೆಡಿಕಲ್ ಟೆಸ್ಟ್, ಇವೂ ಸೇರುತ್ತವೆ. ಜಾಯ್ನಿಂಗ್ ಬೋನಸ್ ಕೇಳಿದವರಿಗೆ ಸಿಕ್ಕಿದ್ದು ನಾನು ನೋಡಿಲ್ಲ.

ಒಪ್ಪಿದರೂ ದುಡ್ಡು ನಾಳೆಯೇ ಬರುವುದಿಲ್ಲ. ನೀವು ಅವರ ನೌಕರರಲ್ಲ, ಹಾಗಾಗಿ ಸಂಬಳದ ಸಿಸ್ಟಂನಿಂದ ಕೊಡಲು ಬರುವುದಿಲ್ಲ. ಪ್ಯಾನ್, ಕ್ಯಾನ್ಸಲ್ ಮಾಡಿದ ಚೆಕ್ ಕೇಳಿ, ನಿಮ್ಮ ಹೆಸರನ್ನು ಹೊಸದಾಗಿ ಸೇರಿಸಿ ಕಳಿಸುತ್ತಾರೆ. ತಂಗಿಗೆ ಬರಲು ಆರು ವಾರ ಹಿಡಿಯಿತು. ಅದರ ಜೊತೆ ಒಂದು ಪುಟದ ಕಾಗದವೂ ಬಂತು. ಈ ಮೊತ್ತದ ಮೇಲೆ ಇನ್ನು ಯಾವ ಬೇಡಿಕೆಯೂ ಇಲ್ಲ ಅಂತ ಅದರಲ್ಲಿತ್ತು. ಅಂಥ ಕಾಗದಕ್ಕೆ ಸಹಿ ಹಾಕಿದರೆ ಆ ಬಾಗಿಲು ಮುಚ್ಚಿತು ಅಂತಲೇ ಅರ್ಥ. ನಿಮ್ಮ ನಷ್ಟ ಎರಡು ಲಕ್ಷ ಇದ್ದು ಅವರು ಇಪ್ಪತ್ತು ಸಾವಿರ ಕೊಡುತ್ತಿದ್ದರೆ, ಸಹಿಗೆ ಮೊದಲು ವಕೀಲರಿಗೆ ಒಮ್ಮೆ ತೋರಿಸಿ.

ಕಾನೂನಿನ ಮಾತು ಎತ್ತಲಾ? ಲೀಗಲ್ ನೋಟಿಸ್ ಕಳಿಸ್ತೀನಿ ಅಂತ ಬರೆಯಲಾ?

ಮೊದಲ ಮೇಲ್‌ನಲ್ಲಿ ಬೇಡ. ಹೆದರಿ ಹೇಳುತ್ತಿಲ್ಲ, ಒಳಗೆ ಏನಾಗುತ್ತದೆ ಅಂತ ಗೊತ್ತಿದ್ದು ಹೇಳುತ್ತಿದ್ದೇನೆ. "ಲೀಗಲ್" ಅನ್ನುವ ಪದ ಕಂಡ ಕೂಡಲೇ ನಿಮ್ಮ ಫೈಲ್ ಕಂಪನಿಯ ಕಾನೂನು ವಿಭಾಗಕ್ಕೆ ಹೋಗುತ್ತದೆ. ಆಮೇಲೆ ನಿಮ್ಮ ಜೊತೆ ಮಾತಾಡಬೇಡಿ ಅಂತ ರಿಕ್ರೂಟರ್‌ಗೆ ಹೇಳುತ್ತಾರೆ. ಒಂದೇ ದಿನದಲ್ಲಿ ಸಿಗುತ್ತಿದ್ದ ಕಾರಣದ ಪತ್ರವೂ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.

ಕಾನೂನು ಏನು ಹೇಳುತ್ತದೆ ಅಂತ ಮಾತ್ರ ನಿಮಗೆ ಗೊತ್ತಿರಲಿ. 1872ರ ಭಾರತೀಯ ಕರಾರು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಪ್ರಸ್ತಾಪವನ್ನು ವಾಪಸ್ ಪಡೆಯಬಹುದಾದ್ದು, ಅದಕ್ಕೆ ಒಪ್ಪಿಗೆ ಪೂರ್ತಿಯಾಗುವ ಮೊದಲು ಮಾತ್ರ. ನೀವು ಸಹಿ ಹಾಕಿ ಕಳಿಸಿದ್ದರೆ ಆ ಹಂತ ದಾಟಿದೆ. ಕರಾರು ಮುರಿದರೆ ಪರಿಹಾರದ ಮಾತು 73ನೇ ಸೆಕ್ಷನ್‌ನಲ್ಲಿದೆ. ಆದರೆ ಆಫರ್ ಲೆಟರ್‌ನಲ್ಲೇ "ಸೇರುವ ಮೊದಲು ಯಾವಾಗ ಬೇಕಾದರೂ ವಾಪಸ್ ಪಡೆಯುವ ಹಕ್ಕು ಕಂಪನಿಗಿದೆ" ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ಅದನ್ನು ಹುಡುಕಿ ಓದಿ. ಇನ್ನೊಂದು, ಕೆಲಸಕ್ಕೆ ತಗೊಳ್ಳಲೇಬೇಕು ಅಂತ ಖಾಸಗಿ ಕಂಪನಿಗೆ ಕೋರ್ಟ್ ಆದೇಶ ಕೊಡಲಿ ಅನ್ನುವ ನಿರೀಕ್ಷೆ ಬೇಡ. ಮಾತು ಇರುವುದು ಪರಿಹಾರದ ಬಗ್ಗೆ. ಅದರ ಅಳತೆ ಹಾಕುವಾಗ ನಿಮ್ಮ ಕರಾರಿನ ನೋಟಿಸ್ ಅವಧಿ ಎಷ್ಟು ಅನ್ನುವುದು ಮುಖ್ಯವಾಗುತ್ತದೆ. ಪ್ರೊಬೇಷನ್‌ನಲ್ಲಿ ಒಂದು ತಿಂಗಳ ನೋಟಿಸ್ ಅಂತಿದ್ದರೆ, ವರ್ಷದ ಸಂಬಳ ಕೇಳಿ ಕೂತರೆ ನಿಲ್ಲುವುದು ಕಷ್ಟ.

ಮೊತ್ತ ದೊಡ್ಡದಿದ್ದು, ಎರಡು ಮೇಲ್‌ಗೂ ಉತ್ತರ ಬರದಿದ್ದರೆ ಆಗ ವಕೀಲರ ಹತ್ತಿರ ಹೋಗಿ, ನೋಟಿಸ್ ಅವರಿಂದಲೇ ಹೋಗಲಿ. ಬೆಂಗಳೂರಿನಲ್ಲಿ ಕೆಐಟಿಯು, ಅಂದರೆ ಐಟಿ ನೌಕರರ ಯೂನಿಯನ್ ಇದೆ. ಒಂದೇ ಕಂಪನಿ ತುಂಬಾ ಜನರ ಆಫರ್ ತೆಗೆದಿದ್ದರೆ ಒಟ್ಟಾಗಿ ಅಲ್ಲಿ ಮಾತಾಡುವುದು ಒಳ್ಳೆಯದು.

"ವಾಪಸ್ ತಗೊಂಡಿಲ್ಲ, ಸೇರುವ ದಿನ ಮುಂದೂಡಿದ್ದೇವೆ" ಅಂದರೆ?

ಹೊಸ ದಿನ ಯಾವುದು ಅಂತ ಬರಹದಲ್ಲಿ ಕೇಳಿ. ದಿನ ಕೊಟ್ಟರೆ ಅದು ಮುಂದೂಡಿಕೆ. "ತಿಳಿಸುತ್ತೇವೆ" ಅಂದರೆ ನಿಮ್ಮ ಮಟ್ಟಿಗೆ ಅದು ವಾಪಸ್ ತಗೊಂಡ ಹಾಗೆಯೇ, ಅವತ್ತಿನಿಂದಲೇ ಬೇರೆ ಕೆಲಸ ಹುಡುಕಿ. "ನಾನು ಬೇರೆ ಅವಕಾಶಗಳನ್ನೂ ನೋಡುತ್ತಿದ್ದೇನೆ, ಇದರಿಂದ ಆಫರ್‌ಗೆ ತೊಂದರೆಯಿಲ್ಲ ಅಂದುಕೊಂಡಿದ್ದೇನೆ" ಅಂತ ಒಂದು ಸಾಲು ಹಾಕಿಬಿಡಿ. ಮುಂದೂಡುತ್ತಾ ಮೂರು ತಿಂಗಳು ಮನೆಯಲ್ಲಿ ಕೂರಿಸಿ ಕೊನೆಗೆ ರದ್ದು ಮಾಡಿದ್ದನ್ನು ನೋಡಿದ್ದೇನೆ. ಆ ಕಾಯುವಿಕೆ, ನೇರವಾಗಿ ಇಲ್ಲ ಅನ್ನುವುದಕ್ಕಿಂತ ಜಾಸ್ತಿ ಹಾಳು ಮಾಡುತ್ತದೆ.

ಕನ್ಸಲ್ಟೆನ್ಸಿ ಮೂಲಕ ಬಂದ ಆಫರ್ ಇದು. ಯಾರಿಗೆ ಬರೆಯಲಿ?

ಕಂಪನಿಯ ಎಚ್‌ಆರ್‌ಗೆ ಬರೆಯಿರಿ, ಕನ್ಸಲ್ಟೆಂಟ್ ಸಿಸಿಯಲ್ಲಿರಲಿ. ಸಾಮಾನ್ಯವಾಗಿ ನೀವು ಸೇರಿದರೆ ಮಾತ್ರ ಅವರಿಗೆ ಫೀಸ್ ಬರುವುದು. ಅವರೂ ಕಳಕೊಂಡಿದ್ದಾರೆ, ಹಾಗಾಗಿ ಬೇರೆ ಕ್ಲೈಂಟ್‌ಗೆ ನಿಮ್ಮನ್ನು ಕಳಿಸಲು ಅವರಿಗೆ ಅವಸರವಿರುತ್ತದೆ. ಅವರಿಗೆ ಬೇರೆಯಾಗಿ ಒಂದು ಮೆಸೇಜ್ ಹಾಕಿ ಅದನ್ನೇ ಕೇಳಿ.

ನಾನು ಕ್ಯಾಂಪಸ್‌ನಲ್ಲಿ ಆಯ್ಕೆಯಾದವನು. ನನಗೂ ಇದೇನಾ?

ನೀವೊಬ್ಬರೇ ಬರೆಯಬೇಡಿ, ಪ್ಲೇಸ್‌ಮೆಂಟ್ ಆಫೀಸರ್‌ಗೆ ಮೊದಲು ತಿಳಿಸಿ. ಕಂಪನಿಗೆ ಮುಂದಿನ ವರ್ಷವೂ ಕಾಲೇಜಿಗೆ ಬರಬೇಕಿದೆ, ಆದ್ದರಿಂದ ಕಾಲೇಜಿನ ಮಾತಿಗೆ ತೂಕ ಜಾಸ್ತಿ. ಒಬ್ಬರಿಗೆ ಒಂದೇ ಆಫರ್ ಅನ್ನುವ ನಿಯಮ ನಿಮ್ಮ ಕಾಲೇಜಿನಲ್ಲಿದ್ದರೆ, ಕಂಪನಿಯ ವಾಪಸ್ ಪತ್ರ ತೋರಿಸಿ ಮತ್ತೆ ಡ್ರೈವ್‌ಗಳಲ್ಲಿ ಕೂರಿಸಿ ಅಂತ ಕೇಳಿ. ನಿಮ್ಮ ಉತ್ತರದಲ್ಲಿ ಮುಖ್ಯ ಆ ಪತ್ರವೇ.

ನಾನು ಅಮೆರಿಕದಲ್ಲಿ ಎಚ್-1ಬಿ ಮೇಲಿದ್ದೇನೆ. ಹಳೆ ಕೆಲಸ ಬಿಟ್ಟಾಗಿದೆ.

ಹಾಗಿದ್ದರೆ ನಿಮ್ಮ ಮೇಲ್‌ನಲ್ಲಿ ಎಲ್ಲಕ್ಕಿಂತ ಮೊದಲ ಪ್ರಶ್ನೆ ವೀಸಾದ್ದು. ಹೊಸ ಕಂಪನಿ ನಿಮ್ಮ ಪರವಾಗಿ ಅರ್ಜಿ ಹಾಕಿತ್ತಾ? ಹಾಕಿದ್ದರೆ ಅದನ್ನು ವಾಪಸ್ ಪಡೆಯುತ್ತಾರಾ, ಯಾವತ್ತು? ರಸೀದಿ ನೋಟಿಸ್‌ನ ಪ್ರತಿಯನ್ನೂ ಕೇಳಿ. ಕೆಲಸ ನಿಂತ ದಿನದಿಂದ ಹೆಚ್ಚೆಂದರೆ 60 ದಿನದ ಗ್ರೇಸ್ ಸಿಗುತ್ತದೆ, ಐ-94ರ ಅವಧಿ ಅದಕ್ಕೂ ಮೊದಲೇ ಮುಗಿದರೆ ಅಷ್ಟೇ ದಿನ. ಆ ಎಣಿಕೆ ಹಳೆಯ ಕೆಲಸ ಮುಗಿದ ದಿನದಿಂದ ಶುರು, ಆಫರ್ ಹೋದ ದಿನದಿಂದ ಅಲ್ಲ. ಇದನ್ನು ತಪ್ಪು ಲೆಕ್ಕ ಹಾಕಿ ಎರಡು ವಾರ ಕಳಕೊಂಡವರು ನನಗೆ ಗೊತ್ತು. ರಿಕ್ರೂಟರ್‌ಗೆ ಬರೆದ ದಿನವೇ ನಿಮ್ಮದೇ ಇಮಿಗ್ರೇಷನ್ ವಕೀಲರ ಜೊತೆಯೂ ಮಾತಾಡಿ. ಕಂಪನಿಯ ವಕೀಲರು ನೋಡಿಕೊಳ್ಳುವುದು ಕಂಪನಿಯ ಕೆಲಸವನ್ನು.

ಲಿಂಕ್ಡ್‌ಇನ್‌ನಲ್ಲಿ ಬರೆಯಬಹುದಾ?

ನಿಮ್ಮ ಅನುಭವ ಬರೆಯುವ ಹಕ್ಕು ನಿಮಗಿದೆ. ಪತ್ರ ಮತ್ತು ದುಡ್ಡಿನ ಮಾತು ಮುಗಿಯುವವರೆಗೆ ಕಾಯಿರಿ ಅಂತಷ್ಟೇ ನನ್ನ ಸಲಹೆ. ಆಫರ್ ಲೆಟರ್‌ನ ಫೋಟೋ, ರಿಕ್ರೂಟರ್ ಹೆಸರು ಹಾಕಬೇಡಿ. ಫ್ರೀಜ್ ಬಂದಾಗ ಎಷ್ಟೋ ಕಡೆ ಮುಂದಿನ ತಿಂಗಳು ಕೆಲಸ ಹೋಗುವುದು ರಿಕ್ರೂಟರ್‌ಗಳದ್ದೇ. ನನಗೂ ಒಮ್ಮೆ ಹಾಗಾಯಿತು. ಅದಕ್ಕೇ ರಿಕ್ರೂಟರ್ ಮತ್ತು ಹೈರಿಂಗ್ ಮ್ಯಾನೇಜರ್ ಇಬ್ಬರನ್ನೂ ಲಿಂಕ್ಡ್‌ಇನ್‌ನಲ್ಲಿ ಜೋಡಿಸಿಕೊಳ್ಳಿ. ಆಫೀಸ್ ಮೇಲ್ ಐಡಿ ನಾಳೆ ಇರುತ್ತದೋ ಇಲ್ಲವೋ.

ಉತ್ತರವೇ ಬರದಿದ್ದರೆ?

ಮೂರು ಕೆಲಸದ ದಿನ ಬಿಟ್ಟು ಅದೇ ಎಳೆಯಲ್ಲಿ ಮತ್ತೊಮ್ಮೆ ಬರೆಯಿರಿ. ಈ ಸಲ ಒಂದೇ ಬೇಡಿಕೆ ಮೇಲೆ ತನ್ನಿ, ಕಾರಣದ ಪತ್ರ. ಇನ್ನೊಂದು ವಾರ ಆದರೂ ಇಲ್ಲ ಅಂದರೆ ಆಫರ್ ಲೆಟರ್‌ಗೆ ಕಂಪನಿ ಪರವಾಗಿ ಸಹಿ ಹಾಕಿದವರಿಗೆ ಬರೆಯಿರಿ. ಆ ಹೆಸರು ಪತ್ರದ ಕೊನೆಯಲ್ಲೇ ಇರುತ್ತದೆ, ಸಾಮಾನ್ಯವಾಗಿ ಎಚ್‌ಆರ್ ಮುಖ್ಯಸ್ಥರದ್ದು.

ಈ ಕಂಪನಿಗೋಸ್ಕರ ಬೇರೆ ಆಫರ್ ಬೇಡ ಅಂದಿದ್ದೆ. ಈಗ ಅವರಿಗೆ ಬರೆದರೆ ಮರ್ಯಾದೆ ಹೋಗಲ್ವಾ?

ಹೋಗಲ್ಲ. ರಿಕ್ರೂಟರ್ ಆಗಿದ್ದಾಗ ಇಂಥ ಮೇಲ್ ಬಂದರೆ ನನಗೆ ಖುಷಿಯಾಗುತ್ತಿತ್ತು. ಇಂಟರ್‌ವ್ಯೂ ಎಲ್ಲ ಮುಗಿದ, ತಂಡ ಒಪ್ಪಿದ ಮನುಷ್ಯ ತಾನಾಗಿ ಸಿಕ್ಕಿದ್ದಾನೆ ಅಂದರೆ ಅರ್ಧ ಕೆಲಸ ಆದ ಹಾಗೆ. ನಾಲ್ಕೇ ಸಾಲು ಸಾಕು: ಆಗ ಬೇರೆ ಕಡೆ ಒಪ್ಪಿದ್ದೆ, ಫ್ರೀಜ್‌ನಿಂದ ಅದು ವಾಪಸ್ ಆಗಿದೆ, ಪತ್ರ ಲಗತ್ತಿಸಿದ್ದೇನೆ, ಆ ಹುದ್ದೆ ಅಥವಾ ಅಂಥದ್ದೇ ಬೇರೆ ಇದೆಯಾ.

ಒಂದು ಮಾತು ಮಾತ್ರ. ವಾಪಸ್ ಆದ ಆಫರ್ ಲೆಟರನ್ನು ಇನ್ನೂ ಜೀವಂತ ಇದೆ ಅಂತ ತೋರಿಸಿ ಸಂಬಳ ಏರಿಸಲು ಬಳಸಬೇಡಿ. ಅದು ಸುಳ್ಳು. ಆಫರ್ ಕೊಟ್ಟ ಕಂಪನಿಗೊಂದು ಫೋನ್ ಹೋದರೆ ಗೊತ್ತಾಗಿಬಿಡುತ್ತದೆ. "ಇಷ್ಟಕ್ಕೆ ಆಯ್ಕೆಯಾಗಿದ್ದೆ" ಅಂತ ನಿಜವನ್ನೇ ಹೇಳಿ, ಅದೂ ಒಂದು ಅಳತೆಯೇ.

ತಂಗಿ ಬೇಡ ಅಂದಿದ್ದ ಒಂದು ಕಂಪನಿ ಮೈಸೂರಿನ ಹೆಬ್ಬಾಳದಲ್ಲೇ ಇತ್ತು. ಕಾರಣದ ಪತ್ರ ಮಂಗಳವಾರ ಕೈಗೆ ಬಂತು, ಅವತ್ತೇ ಅವರಿಗೆ ಬರೆದಳು. ಆ ಹುದ್ದೆ ತುಂಬಿತ್ತು. ಮೂರನೇ ವಾರ ಇನ್ನೊಂದು ತಂಡಕ್ಕೆ ಕರೆದರು, ಒಂದೇ ರೌಂಡ್ ಮಾತಾಡಿಸಿದರು. ಹಳೆಯ ಕೆಲಸದ 90 ದಿನ ಮುಗಿದ ಮರುವಾರ ಅಲ್ಲಿ ಸೇರಿದಳು. ಸಂಬಳ ಬೆಂಗಳೂರಿನ ಆಫರ್‌ಗಿಂತ ಕಡಿಮೆ, ಆದರೆ ಮನೆಯಿಂದ ಸ್ಕೂಟರ್‌ನಲ್ಲಿ ಹೋಗಿ ಬರುತ್ತಾಳೆ. ಬೆಂಗಳೂರಿನ ಆ ಹೈರಿಂಗ್ ಮ್ಯಾನೇಜರ್ ಫ್ರೀಜ್ ಮುಗಿದ ಮೇಲೆ ಒಮ್ಮೆ ಮೆಸೇಜ್ ಮಾಡಿದ್ದರಂತೆ. "ಈಗ ಇಲ್ಲ, ಮುಂದೆ ನೋಡೋಣ" ಅಂತ ಉತ್ತರ ಕಳಿಸಿದ್ದಾಳೆ.